ಕಂಬ ಸರಿಸಲು ಬರೆದ ಎರಡು ಪತ್ರಗಳು

ನಿವೃತ್ತ ಶಿಕ್ಷಕನ ಮನೆಗೆ ಊರಿನ ಜನ ಬರುವುದು ಬಹುಮಟ್ಟಿಗೆ ಅರ್ಜಿ ಬರೆಸಿಕೊಳ್ಳಲು. ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತವನಿಗೆ ಅರ್ಜಿ ಬರೆಯುವುದೇನು ಮಹಾ ಎಂದು ಅವರೂ ತಿಳಿದಿರುತ್ತಾರೆ, ನಾನೂ ತಿಳಿದಿದ್ದೆ. ಆ ತಿಳಿವಳಿಕೆ ಎಷ್ಟು ಪೊಳ್ಳಾಗಿತ್ತೆಂಬುದನ್ನು ನನಗೆ ಮನಗಾಣಿಸಿದ್ದು ಒಂದು ವಿದ್ಯುತ್ ಕಂಬ.

ಬಸವಕಲ್ಯಾಣ ತಾಲೂಕಿನ ಕೊಹಿನೂರ ಒಂದು ಹೋಬಳಿ ಕೇಂದ್ರ. ಸುತ್ತಲ ಹಳ್ಳಿಗಳಿಗೆ ಹೋಗುವ ರಸ್ತೆಗಳಲ್ಲಿ ಒಂದನ್ನು ಏಳೆಂಟು ವರ್ಷಗಳ ಹಿಂದೆ ಅಗಲಗೊಳಿಸುವ ಕಾಮಗಾರಿ ಆರಂಭವಾಯಿತು. 3.75 ಮೀಟರಿನ ಒಂಟಿ ಡಾಂಬರು ಹಾದಿ 5.5 ಮೀಟರ್ ಆಗಬೇಕಿತ್ತು. ಎರಡೂ ಬದಿ ಅಗೆದು ಗರಸು ಹಾಕಿದ ಮೇಲೆ ನೋಡಿದರೆ, ಅಲ್ಲಿಯವರೆಗೆ ದಂಡೆಯಲ್ಲಿ ನಿಂತಿದ್ದ ಒಂದು ಕಂಬ ಹೊಸ ರಸ್ತೆಯೊಳಗೆ ನಿಂತಿತ್ತು. ಗುತ್ತಿಗೆದಾರರು ಅದನ್ನು ಬಳಸಿಕೊಂಡು ಮುಂದೆ ಸಾಗಿದರು. ಊರಿನ ನಾಲ್ಕು ಮಂದಿ ನನ್ನ ಮನೆಗೆ ಬಂದರು. "ಮಾಸ್ತರ್, ಕೆ.ಇ.ಬಿ.ಯವರಿಗಿ ನೀವ್ ಒಂದ್ ಅರ್ಜಿ ಬರ್ದು ಕೊಡ್ರಿ. ಖಂಬ ನಡು ದಾರಿಗಿ ನಿಂತದ" ಎಂದರು. ನಮ್ಮ ಕಡೆ ವಿದ್ಯುತ್ ಸರಬರಾಜು 2002ರಿಂದ ಜೆಸ್ಕಾಂ ಕಂಪನಿಯದ್ದಾದರೂ ಜನರ ಬಾಯಲ್ಲಿ ಅದು ಇಂದಿಗೂ ಕೆ.ಇ.ಬಿ.ಯೇ.

ಬರೆದುಕೊಟ್ಟೆ. ಆ ಮೊದಲ ಪತ್ರದ ಪ್ರತಿ ನನ್ನಲ್ಲಿ ಇದೆ. ಈಗ ಓದಿದರೆ ನಾಚಿಕೆಯಾಗುತ್ತದೆ. ಅದರಲ್ಲಿ ಸಾರ್ವಜನಿಕರಿಗೆ ಆಗುತ್ತಿರುವ ತೊಂದರೆಯನ್ನು ಒಂದು ಪುಟ ವರ್ಣಿಸಿದ್ದೇನೆ. ಶಾಲೆಯ ಮಕ್ಕಳು, ವೃದ್ಧರು, ಗರ್ಭಿಣಿಯರು ಎಲ್ಲರೂ ಬಂದಿದ್ದಾರೆ. 'ಸದರಿ ಕಂಬವನ್ನು ಕೂಡಲೇ ತೆರವುಗೊಳಿಸಬೇಕು' ಎಂದು ಮುಗಿಸಿ, ಕೆಳಗೆ ನಲವತ್ತು ಸಹಿ, ಹನ್ನೆರಡು ಹೆಬ್ಬೆಟ್ಟು. ಯಾವ ಕಂಬ, ಎಲ್ಲಿಂದ ಎಲ್ಲಿಗೆ, ಯಾವ ದಿನದೊಳಗೆ, ಯಾರ ಖರ್ಚಿನಲ್ಲಿ ಎಂಬ ನಾಲ್ಕು ಮಾತುಗಳಲ್ಲಿ ಒಂದೂ ಇಲ್ಲ. ಅಕ್ಟೋಬರಿನಲ್ಲಿ ಕೊಟ್ಟ ಅರ್ಜಿಗೆ ನವೆಂಬರಿನಲ್ಲಿ ಉತ್ತರ ಬಂತು: ರಸ್ತೆ ಕಾಮಗಾರಿಯ ಇಲಾಖೆಯಿಂದ ನಕ್ಷೆ ಸಹಿತ ಕೋರಿಕೆ ಸಲ್ಲಿಸಿದಲ್ಲಿ ಮುಂದಿನ ಕ್ರಮ ಕೈಗೊಳ್ಳಲಾಗುವುದು.

ಜನ ಸಿಟ್ಟಾದರು. ರಸ್ತೆ ತಡೆ ಮಾಡೋಣವೆಂದವರೂ ಇದ್ದರು. ಆದರೆ ಆ ಉತ್ತರ ನ್ಯಾಯವಾಗಿಯೇ ಇತ್ತೆಂಬುದು ನನ್ನ ಅಭಿಪ್ರಾಯ. ಇಂಥ ಸಂದರ್ಭದಲ್ಲಿ ನಾವು ಸಾಮಾನ್ಯವಾಗಿ ವಿದ್ಯುತ್ ಕಚೇರಿಯನ್ನೇ ಬೈಯುತ್ತೇವೆ. ಕಂಬ ಅವರದ್ದು, ಅಡ್ಡಿ ಅವರದ್ದು ಎನ್ನುತ್ತೇವೆ. ಆದರೆ ಕಂಬ ರಸ್ತೆಗೆ ಬಂದು ನಿಂತದ್ದಲ್ಲ, ರಸ್ತೆ ಕಂಬದ ಬಳಿಗೆ ಹೋಯಿತು. ಕಾನೂನೂ ಹಾಗೆಯೇ ನೋಡುತ್ತದೆ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 82ನೆಯ ನಿಯಮ ಇದಕ್ಕೆಂದೇ ಇತ್ತು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಾವಳಿ ಅದನ್ನೇ ಮುಂದುವರಿಸಿತು. (2010ರ ಆ ನಿಯಮಾವಳಿಯ ಸ್ಥಾನದಲ್ಲಿ ಈಗ 2023ರದ್ದು ಇದೆ.) ತಂತಿ ಎಳೆದಾದ ಮೇಲೆ ಅದರ ಕೆಳಗೆ ಯಾರಾದರೂ ಕಟ್ಟಡ ಕಟ್ಟುವುದಾದರೆ, ರಸ್ತೆಯನ್ನು ಎತ್ತರಿಸುವುದಾದರೆ, ಅವರು ತಂತಿಯ ಒಡೆಯರಿಗೂ ವಿದ್ಯುತ್ ಪರಿವೀಕ್ಷಕರಿಗೂ ಬರಹದಲ್ಲಿ ತಿಳಿಸಬೇಕು, ಅಳತೆಗೆ ಸರಿಯಾಗಿ ಬರೆದ ನಕ್ಷೆಯನ್ನು ಜೊತೆಗಿಡಬೇಕು. ಒಡೆಯರು ಖರ್ಚಿನ ಅಂದಾಜು ಕಳಿಸುತ್ತಾರೆ. ಅದು ಕೈಸೇರಿದ 30 ದಿನಗಳೊಳಗೆ ಹಣ ಕಟ್ಟಬೇಕು. ಹಣ ಕಟ್ಟಿದ ಮೇಲೆ ಒಂದು ತಿಂಗಳೊಳಗೆ, ಅಥವಾ ಪರಿವೀಕ್ಷಕರು ಒಪ್ಪಿದ ಹೆಚ್ಚಿನ ಅವಧಿಯೊಳಗೆ, ತಂತಿಯನ್ನು ಬದಲಿಸಿಕೊಡಬೇಕು. ಅಂದರೆ ನಕ್ಷೆ ಎನ್ನುವುದು ಕಚೇರಿಯ ನೆಪವಲ್ಲ, ಪತ್ರದ ಜೀವವೇ ಅದು. ಮತ್ತು ಪತ್ರ ಬರೆಯಬೇಕಾದವರು ರಸ್ತೆ ಮಾಡುವವರು, ನಾನಲ್ಲ.

ಹಾಗಾದರೆ ನಾನು ಸುಮ್ಮನಿರಬಹುದಿತ್ತು. ಸುಮ್ಮನಿರಗೊಡದದ್ದು ಒಂದು ಸಂಜೆ ಕಂಡ ನೋಟ. ಜೋಳದ ಕಣಿಕೆ ಹೇರಿಕೊಂಡು ಟ್ರಾಕ್ಟರ್ ಬರುತ್ತಿತ್ತು. ಹೇರಿನ ಮೇಲೆ ಹನ್ನೆರಡು ಹದಿಮೂರು ವಯಸ್ಸಿನ ಹುಡುಗನೊಬ್ಬ ಕುಳಿತಿದ್ದ. ಕಂಬದಿಂದ ಸ್ವಲ್ಪ ಮುಂದೆ, ಕೊಳವೆ ಮೋರಿಯ ಹತ್ತಿರ, 11 ಕೆ.ವಿ. ತಂತಿ ರಸ್ತೆಯನ್ನು ಅಡ್ಡ ದಾಟುತ್ತದೆ. ಅಲ್ಲಿಗೆ ಬಂದೊಡನೆ ಹುಡುಗ ಕಣಿಕೆಯ ಮೇಲೆ ಬೋರಲಾಗಿ ಮಲಗಿಬಿಟ್ಟ. ದಾಟಿದ ಮೇಲೆ ಎದ್ದು ಕುಳಿತ. ಯಾರೂ ಅವನಿಗೆ ಹೇಳಲಿಲ್ಲ, ಅವನಿಗೆ ರೂಢಿಯಾಗಿತ್ತು. ಕಂಬವನ್ನು ಕುರಿತು ನಲವತ್ತು ಸಹಿ ಮಾಡಿದ ನಾವು ಯಾರೂ ಆ ತಂತಿಯ ಮಾತೆತ್ತಿರಲಿಲ್ಲ. ಮೋರಿಯ ಬಳಿ ಮಳೆಗಾಲದಲ್ಲಿ ನೀರು ನಿಲ್ಲುವುದರಿಂದ ಅಲ್ಲಿ ರಸ್ತೆಯನ್ನು 60 ಸೆಂಟಿಮೀಟರ್ ಏರಿಸುವವರಿದ್ದರು. ರಸ್ತೆ ಏರಿದಷ್ಟೂ ತಂತಿ ಇಳಿದಂತೆಯೇ ಅಲ್ಲವೆ?

ತಂತಿ ಎಷ್ಟು ಎತ್ತರದಲ್ಲಿದೆ? ಇದನ್ನು ತಿಳಿಯಲು ಕೋಲು, ಬಿದಿರು, ಏಣಿ, ಟೇಪು ಯಾವುದನ್ನೂ ಮೇಲೆತ್ತಕೂಡದು. ಬಿದಿರು ಒಣಗಿದೆ, ಏನಾಗದು ಎನ್ನುವವರ ಮಾತು ಕೇಳಲೇಬಾರದು, 11 ಕೆ.ವಿ.ಗೆ ಮುಟ್ಟುವ ಅಗತ್ಯವೂ ಇಲ್ಲ, ಹತ್ತಿರ ಬಂದರೆ ಸಾಕು. ನಾನು ಮೊಮ್ಮಗನ ಕಂಪಾಸು ಪೆಟ್ಟಿಗೆಯಿಂದ ಮೂಲೆಮಟ್ಟವನ್ನು ತೆಗೆದುಕೊಂಡು ಹೋದೆ. ಎರಡು ಬಾಹು ಸಮನಾಗಿರುವ, 45 ಡಿಗ್ರಿಯ ಪಟ್ಟಿ ಅದು. ಒಂದು ಬಾಹುವನ್ನು ನೆಲಕ್ಕೆ ಸಮಾಂತರವಾಗಿ ಕಣ್ಣಿನ ಮಟ್ಟದಲ್ಲಿ ಹಿಡಿದು, ಓರೆಯಂಚಿನಗುಂಟ ನೋಡುತ್ತ ತಂತಿಯ ಅಡಿಯಿಂದ ರಸ್ತೆಯುದ್ದಕ್ಕೆ ಹಿಂದೆ ಸರಿದೆ. ಅಡ್ಡ ತಂತಿಗಳಲ್ಲಿ ಅತಿ ಕೆಳಗಿನದು ಓರೆಯಂಚಿಗೆ ಸರಿಯಾಗಿ ಕೂತಲ್ಲಿ ನಿಂತೆ. ಅಲ್ಲಿಂದ ತಂತಿಯ ನೇರ ಕೆಳಗಿನ ಬಿಂದುವಿಗೆ ನೆಲದ ಮೇಲೆ ಅಳೆದರೆ 4.8 ಮೀಟರ್. ನನ್ನ ಕಣ್ಣು ನೆಲದಿಂದ 1.5 ಮೀಟರ್. ಒಟ್ಟು 6.3 ಮೀಟರ್. ಒಂಬತ್ತನೆಯ ತರಗತಿಯ ಹುಡುಗರಿಗೆ ವರ್ಷಾನುವರ್ಷ ಕಲಿಸಿದ ಲೆಕ್ಕ ಇದು. ಸಮ ನೆಲದಲ್ಲಿ ಮಾತ್ರ ಇದು ಸರಿಯಾಗುತ್ತದೆ, ಒಂದು ಗೇಣು ಆಚೀಚೆ ಆಗಲೂಬಹುದು. ಆದರೂ ಕಚೇರಿಯವರು ತಮ್ಮ ಉಪಕರಣ ತಂದು ಅಳೆಯುವಂತೆ ಮಾಡಲು ಸಾಕು.

ರಸ್ತೆಯನ್ನು ಅಡ್ಡ ದಾಟುವ 11 ಕೆ.ವಿ. ತಂತಿ ನೆಲದಿಂದ ಕನಿಷ್ಠ 6.1 ಮೀಟರ್ ಮೇಲಿರಬೇಕೆಂದು ನಿಯಮಾವಳಿ ಹೇಳುತ್ತದೆ. ರಸ್ತೆಗುಂಟ ಸಾಗುವ ತಂತಿಯಾದರೆ 5.8 ಮೀಟರ್. ಆ ದಿನಕ್ಕೆ ನಮ್ಮ ತಂತಿ ನಿಯಮದೊಳಗೇ ಇತ್ತು. 60 ಸೆಂಟಿಮೀಟರ್ ಏರಿಸಿದರೆ ಉಳಿಯುವುದು 5.7. ಅದೂ ಪೂರ್ಣ ಸತ್ಯವಲ್ಲ. ನಾನು ಅಳೆದದ್ದು ಡಿಸೆಂಬರಿನ ಬೆಳಿಗ್ಗೆ. ತಂತಿ ಚಳಿಗೆ ಬಿಗಿಯುತ್ತದೆ, ಬಿಸಿಲಿಗೂ ಹೊರೆಗೂ ಜೋಲುತ್ತದೆ. ನಮ್ಮ ಬೀದರ ಜಿಲ್ಲೆಯ ಮೇ ತಿಂಗಳ ಮಧ್ಯಾಹ್ನ ಅದೇ ತಂತಿ ಒಂದು ಗೇಣಿನಷ್ಟು ಕೆಳಗಿಳಿದಿರಬಹುದು. ಕನಿಷ್ಠ ಎತ್ತರ ಉಳಿಯಬೇಕಾದದ್ದು ಆ ಅತಿ ಜೋಲಿನ ಹೊತ್ತಿಗೆ. ಕಣಿಕೆಯ ಹೇರು ನೆಲದಿಂದ ಸುಲಭವಾಗಿ 3.8 ಮೀಟರ್ ಆಗುತ್ತದೆ. ಅದರ ಮೇಲೆ ಹುಡುಗ ಎದ್ದು ನಿಂತರೆ 5.3. ಕೈಯೆತ್ತಿದರೆ? ಆ ಲೆಕ್ಕವನ್ನು ನಾನು ಮನೆಗೆ ಬಂದು ಮಾಡಿದೆ, ಊಟ ಸೇರಲಿಲ್ಲ.

ಇನ್ನು ನಕ್ಷೆ. ನಕ್ಷೆಯೆಂದರೆ ಜನ ಮೇಲಿನಿಂದ ಕಂಡಂತೆ ರಸ್ತೆ ಬರೆದು ಕಂಬದ ಜಾಗದಲ್ಲಿ ಚುಕ್ಕೆ ಇಡುತ್ತಾರೆ. ಅದು ಅರ್ಧ ಮಾತ್ರ. ಗ್ರಾಫ್ ಹಾಳೆಯ ಮೇಲೆ ಒಂದು ಸೆಂಟಿಮೀಟರಿಗೆ ಎರಡು ಮೀಟರ್ ಎಂದಿಟ್ಟುಕೊಂಡು ಮೊದಲ ನಕ್ಷೆ ಬರೆದೆ. ಅಳತೆಯೆಲ್ಲವೂ ರಸ್ತೆಯ ಮಧ್ಯರೇಖೆಯಿಂದ. ಡಾಂಬರಿನ ಅಂಚಿನಿಂದ ಅಳೆಯಬಾರದು, ಏಕೆಂದರೆ ಕಾಮಗಾರಿ ನಡೆದಂತೆ ಅಂಚು ಬದಲಾಗುತ್ತದೆ. ನಮ್ಮ ಕಂಬ ಮಧ್ಯರೇಖೆಯಿಂದ 2.6 ಮೀಟರ್ ದೂರದಲ್ಲಿತ್ತು. ಹೊಸ ರಸ್ತೆಯ ಅರ್ಧ ಅಗಲ 2.75 ಮೀಟರ್. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆದೊಡನೆ ಮೊದಲ ಪತ್ರದ ಒಂದು ಪುಟ ವರ್ಣನೆ ಅನವಶ್ಯಕವಾಯಿತು. ಕಂಬಗಳ ಮೇಲೆ ಬಣ್ಣದಲ್ಲಿ ಬರೆದಿದ್ದ ಸಂಖ್ಯೆ, ರಸ್ತೆಯ ಆರಂಭದಿಂದ ಎಷ್ಟನೆಯ ಮೀಟರ್ ಎಂಬ ಸರಪಳಿ ಅಳತೆ, ಉತ್ತರ ದಿಕ್ಕು, ಹತ್ತಿರದ ಟ್ರಾನ್ಸ್‌ಫಾರ್ಮರ್ ಇಷ್ಟನ್ನೂ ಗುರುತಿಸಿದೆ.

ಎರಡನೆಯ ನಕ್ಷೆಯೇ ಮುಖ್ಯ. ರಸ್ತೆಯನ್ನು ಮೋರಿಯ ಬಳಿ ಅಡ್ಡ ಕತ್ತರಿಸಿ ನೋಡಿದಂತೆ ಬರೆಯುವುದು: ಈಗಿನ ನೆಲ ಒಂದು ಗೆರೆ, ಏರಿಸಿದ ಮೇಲಿನ ನೆಲ ಇನ್ನೊಂದು ಗೆರೆ, ಮೇಲೆ ತಂತಿ, ನಡುವೆ ಎರಡು ಬಾಣಗಳು, ಅವುಗಳ ಪಕ್ಕದಲ್ಲಿ 6.3 ಮತ್ತು 5.7. ಈ ಅಡ್ಡಕೊಯ್ತದ ಚಿತ್ರವಿಲ್ಲದ ಕೋರಿಕೆಯನ್ನು ಓದಿದವರು ಕಂಬ ಮಾತ್ರ ಸರಿಸಿಕೊಡುತ್ತಾರೆ. ಕೇಳಿದ್ದು ಅಷ್ಟೇ ತಾನೆ.

ಈ ನಕ್ಷೆಗಳನ್ನು ಹಿಡಿದುಕೊಂಡು ರಸ್ತೆ ಕಾಮಗಾರಿ ನೋಡಿಕೊಳ್ಳುತ್ತಿದ್ದ ಎಂಜಿನಿಯರರ ಬಳಿ ಹೋದೆ. ವಯಸ್ಸಿನಲ್ಲಿ ನನ್ನ ಮಗನಿಗಿಂತ ಚಿಕ್ಕವರು. ನೋಡಿ ನಕ್ಕರು, ಆಮೇಲೆ ಕುರ್ಚಿ ಹಾಕಿಸಿದರು. "ಸರ್, ಕಂಬ ಒಂದನ್ನೇ ಆಚೆ ತಳ್ಳಿದ್ರೆ ಆಗೋದಿಲ್ಲ, ಸ್ಟೇ ತಂತಿ ಎಲ್ಲಿ ಬರ್ತದೆ ನೋಡ್ರಿ" ಎಂದು ಪೆನ್ಸಿಲ್ ತೆಗೆದುಕೊಂಡರು. ನನಗೆ ಹೊಳೆಯದ ಸಂಗತಿ ಅದು. ಸಾಲಿನಲ್ಲಿ ನೇರವಾಗಿ ನಿಂತ ಕಂಬವನ್ನು ಎರಡು ಬದಿಯ ತಂತಿಗಳು ಸಮನಾಗಿ ಎಳೆಯುತ್ತವೆ, ಅದು ಅಲುಗದೆ ನಿಲ್ಲುತ್ತದೆ. ಅದನ್ನು 2.9 ಮೀಟರ್ ಹೊರಗೆ, ಮಧ್ಯರೇಖೆಯಿಂದ 5.5 ಮೀಟರಿಗೆ ಒಯ್ದರೆ, ಕಂಬಗಳ ನಡುವೆ 50 ಮೀಟರ್ ಅಂತರವಿರುವಲ್ಲಿ ತಂತಿ ಅಲ್ಲಿ ಆರೇಳು ಡಿಗ್ರಿ ಬಾಗುತ್ತದೆ. ಆಗ ಎರಡೂ ತಂತಿಗಳು ಸೇರಿ ಕಂಬವನ್ನು ಹಳೆಯ ಜಾಗದ ಕಡೆಗೆ, ಅಂದರೆ ರಸ್ತೆಯ ಕಡೆಗೆ, ಜಗ್ಗುತ್ತವೆ. ಅದನ್ನು ತಡೆಯುವ ಸ್ಟೇ ತಂತಿಯನ್ನು ಎದುರು ಬದಿಗೆ, ಹೊಲದೊಳಗೆ, ನೆಲಕ್ಕೆ ಕಟ್ಟಬೇಕು. ಕಪ್ಪು ಎರೆ ನೆಲದಲ್ಲಿ ಸ್ಟೇ ಇಲ್ಲದ ಬಾಗುಗಂಬ ಎರಡು ಮಳೆಗೆ ವಾಲುತ್ತದೆ. ನಮ್ಮ ರಸ್ತೆಗಳ ಮೇಲೆ ತಲೆಬಾಗಿ ನಿಂತ ಕಂಬಗಳನ್ನು ನೋಡಿದಾಗಲೆಲ್ಲ ನನಗೆ ಈಗ ಆ ಪೆನ್ಸಿಲಿನ ಗೆರೆ ನೆನಪಾಗುತ್ತದೆ.

ಸ್ಟೇ ಹೊಲಕ್ಕೆ ಹೋಗುವುದಾದರೆ ಹೊಲದವರ ಒಪ್ಪಿಗೆ ಬೇಕು. ಆ ಹೊಲ ನನ್ನ ಹಳೆಯ ವಿದ್ಯಾರ್ಥಿಯದು. "ಗುರುಗಳೆ, ನೇಗಿಲಿಗಿ ತಾಕದಂಗ ಬದುವಿನ ಮ್ಯಾಲ ಹಾಕ್ಸ್ರಿ, ನನ್ನದೇನ್ ಅಡ್ಡಿ ಇಲ್ಲ" ಎಂದ. ಅದನ್ನು ಬರೆಸಿ ಸಹಿ ಮಾಡಿಸಿ ಪತ್ರಕ್ಕೆ ಲಗತ್ತಿಸಿದೆವು. ಈ ಒಪ್ಪಿಗೆಯನ್ನು ಕೊನೆಗೆ ಬಿಟ್ಟರೆ, ಗುಂಡಿ ತೋಡುವ ದಿನ ಹೊಲದ ಬಳಿ ಜಗಳವಾಗುತ್ತದೆ, ಕೂಲಿಯವರು ಹಿಂತಿರುಗುತ್ತಾರೆ.

ಎರಡನೆಯ ಪತ್ರ ಕೊನೆಗೆ ಹೀಗೆ ಸಿದ್ಧವಾಯಿತು. ಸಹಿ ರಸ್ತೆ ಕಾಮಗಾರಿಯ ಅಧಿಕಾರಿಯದು. ವಿಳಾಸ ವಿದ್ಯುತ್ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರರದು. ಪ್ರತಿ ಶಾಖಾಧಿಕಾರಿಗೂ ವಿದ್ಯುತ್ ಪರಿವೀಕ್ಷಕರಿಗೂ.

'ಮಾನ್ಯರೆ, ಲಗತ್ತಿಸಿದ ನಕ್ಷೆ 1ರಲ್ಲಿ ತೋರಿಸಿದಂತೆ ಕಂಬ ಸಂಖ್ಯೆ 3, ರಸ್ತೆಯ ಮಧ್ಯರೇಖೆಯಿಂದ 2.6 ಮೀಟರ್ ಅಂತರದಲ್ಲಿದ್ದು, 5.5 ಮೀಟರ್ ಅಗಲದ ಹೊಸ ಡಾಂಬರು ಮಾರ್ಗದೊಳಗೆ ಬರುತ್ತದೆ. ಅದನ್ನು ಮಧ್ಯರೇಖೆಯಿಂದ 5.5 ಮೀಟರ್ ಅಂತರಕ್ಕೆ, ರಸ್ತೆಯ ಗಡಿಯೊಳಗೇ ಸ್ಥಳಾಂತರಿಸಲು ಕೋರಿದೆ. ಸ್ಟೇಗೆ ಜಮೀನುದಾರರ ಒಪ್ಪಿಗೆ ಲಗತ್ತಿಸಿದೆ. ನಕ್ಷೆ 2ರಂತೆ, ಕಂಬ 5 ಮತ್ತು 6ರ ನಡುವೆ ರಸ್ತೆಯನ್ನು 60 ಸೆಂ.ಮೀ. ಎತ್ತರಿಸುವುದರಿಂದ ಅಡ್ಡ ದಾಟುವ 11 ಕೆ.ವಿ. ಮಾರ್ಗದ ಅಂತರ 6.3 ಮೀಟರಿನಿಂದ ಸುಮಾರು 5.7 ಮೀಟರಿಗೆ ಇಳಿಯುತ್ತದೆ. ಅಲ್ಲಿ ಹೆಚ್ಚು ಎತ್ತರದ ಕಂಬಗಳನ್ನು ನಿಲ್ಲಿಸಿ, ಗರಿಷ್ಠ ಜೋಲಿನಲ್ಲಿಯೂ 6.1 ಮೀಟರ್ ಉಳಿಯುವಂತೆ ಮಾಡಲು ಕೋರಿದೆ. ಜಂಟಿ ಸ್ಥಳ ಪರಿಶೀಲನೆಗೆ ದಿನಾಂಕ ತಿಳಿಸಿ, ಹಳೆಯ ಸಾಮಗ್ರಿಯ ಬೆಲೆಯನ್ನು ಕಳೆದು ಅಂದಾಜು ಪಟ್ಟಿ ನೀಡಿದಲ್ಲಿ ಹಣವನ್ನು ಜಮೆ ಮಾಡಲಾಗುವುದು. ಮಾರ್ಗ ಬದಲಾಗುವವರೆಗೆ ಕಂಬ 5 ಮತ್ತು 6ರ ನಡುವೆ ಮಣ್ಣು ಏರಿಸುವುದಿಲ್ಲ.'

ಕೊನೆಯ ಆ ವಾಕ್ಯವನ್ನು ಸೇರಿಸಲು ನಾನು ಒತ್ತಾಯಿಸಿದೆ. ಗುತ್ತಿಗೆದಾರರಿಗೆ ಅದು ಇಷ್ಟವಿರಲಿಲ್ಲ. ತಂತಿಯ ಕೆಳಗೆ ಎತ್ತಿ ಸುರಿಯುವ ಟಿಪ್ಪರ್ ನಿಂತರೆ ಅದರ ತೊಟ್ಟಿ ಎಲ್ಲಿಗೆ ಮುಟ್ಟುತ್ತದೆಂದು ಕೇಳಿದ ಮೇಲೆ ಒಪ್ಪಿದರು.

ಪತ್ರದ ಜೊತೆ ಮೂರನೆಯ ಹಾಳೆಯೊಂದಿತ್ತು: ಕಾಲಪಟ್ಟಿ. ಅದನ್ನು ಪತ್ರ ಕೊಟ್ಟ ದಿನದಿಂದ ಮುಂದಕ್ಕೆ ಬರೆಯದೆ ಡಾಂಬರು ಹಾಕುವ ದಿನದಿಂದ ಹಿಂದಕ್ಕೆ ಬರೆದೆವು. ಜೂನ್ ಮೊದಲ ವಾರ ಮಳೆ. ಹಾಗಾಗಿ ಡಾಂಬರು ಮೇ ಮಧ್ಯದೊಳಗೆ. ಅದಕ್ಕೆ ಮುನ್ನ ಮೋರಿಯ ಮಣ್ಣು ಏರಿಸಿ ಗಟ್ಟಿಯಾಗಲು ಮೂರು ವಾರ. ಅಂದರೆ ಏಪ್ರಿಲ್ ಕೊನೆಯ ವಾರಕ್ಕೆ ತಂತಿ ಬದಲಾಗಿರಬೇಕು. ಹಣ ಕಟ್ಟಿದ ಮೇಲೆ ಕೆಲಸಕ್ಕೆ ಒಂದು ತಿಂಗಳು, ಹಣ ಕಟ್ಟಲು ಒಂದು ತಿಂಗಳು, ಪರಿಶೀಲನೆ ಮತ್ತು ಅಂದಾಜಿಗೆ ಐದು ವಾರ. ಹಿಂದಕ್ಕೆ ಎಣಿಸುತ್ತ ಹೋದರೆ ಜನವರಿ ಮೂರನೆಯ ವಾರಕ್ಕೆ ಬಂದು ನಿಂತೆವು. ಪತ್ರ ಕೊಟ್ಟದ್ದು ಆ ವಾರದಲ್ಲೇ. ಅಕ್ಟೋಬರಿನ ಪತ್ರ ಸರಿಯಾಗಿದ್ದರೆ ಮೂರು ತಿಂಗಳು ಉಸಿರಾಡಲು ಇರುತ್ತಿತ್ತು, ಅದನ್ನು ಕಳೆದದ್ದು ನನ್ನ ಲೇಖನಿ.

ಕರೆಂಟು ತೆಗೆಯುವ ದಿನಗಳನ್ನೂ ಪಟ್ಟಿಯಲ್ಲಿ ಸೂಚಿಸಿದ್ದೆವು. ಶಿಕ್ಷಕನಾದ್ದರಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆಯ ದಿನಗಳ ಸುತ್ತ ಕೆಂಪು ಗೆರೆ ಎಳೆದೆ. ಕುಡಿಯುವ ನೀರಿನ ಟಾಕಿ ತುಂಬಿಸಿಕೊಳ್ಳಲು, ಗಿರಣಿಯವರಿಗೆ ತಿಳಿಸಲು ಎರಡು ದಿನ ಮುಂಚೆ ಡಂಗುರ. ಇಂಥ ಸೂಚನೆ ಕಚೇರಿಗೆ ಉಪಕಾರವೇ. ತಂತಿ ಮೇಲೆ ಆಳು ಹತ್ತುವ ಮುನ್ನ ಆ ಮಾರ್ಗವನ್ನು ನಿಲ್ಲಿಸಿ ಬರಹದಲ್ಲಿ ಅನುಮತಿ ಪಡೆಯಬೇಕು, ಎರಡೂ ಕಡೆ ನೆಲಕ್ಕೆ ಜೋಡಿಸಬೇಕು. ಯಾವ ದಿನ ನಿಲ್ಲಿಸಿದರೆ ಜನ ಸಹಿಸುತ್ತಾರೆಂಬುದು ಊರಿನವರಿಗೆ ಗೊತ್ತಿರುವಷ್ಟು ಅವರಿಗೆ ಗೊತ್ತಿರುವುದಿಲ್ಲ.

ಜಂಟಿ ಪರಿಶೀಲನೆ ಹದಿನೈದು ದಿನದೊಳಗೆ ನಡೆಯಿತು. ಅವರ ಉಪಕರಣ ತೋರಿಸಿದ್ದು 6.2. ನನ್ನ ಮೂಲೆಮಟ್ಟ ಹತ್ತು ಸೆಂಟಿಮೀಟರ್ ಹೆಚ್ಚು ಹೇಳಿತ್ತು. ಅಂದಾಜೂ ಸಕಾಲಕ್ಕೆ ಬಂತು. ಸಿಕ್ಕಿಕೊಂಡದ್ದು ಹಣದಲ್ಲಿ. ರಸ್ತೆಯ ಮೂಲ ಅಂದಾಜಿನಲ್ಲಿ ವಿದ್ಯುತ್ ಮಾರ್ಗ ಸ್ಥಳಾಂತರದ ಬಾಬತ್ತೇ ಇರಲಿಲ್ಲ. ಗುತ್ತಿಗೆದಾರರು ಅದು ತಮ್ಮ ಕರಾರಿನಲ್ಲಿಲ್ಲ ಎಂದರು, ಅದು ನಿಜವೇ. ಪರಿಷ್ಕೃತ ಅಂದಾಜು ಮೇಲಕ್ಕೆ ಹೋಗಿ ಮಂಜೂರಾಗಿ ಬರುವಷ್ಟರಲ್ಲಿ 30 ದಿನಗಳ ಅವಧಿ ಮೀರಿತ್ತು, ಇನ್ನೊಂದು ಪತ್ರ ಬರೆದು ಕಾಲಾವಕಾಶ ಕೇಳಬೇಕಾಯಿತು. ಆರ್ಥಿಕ ವರ್ಷ ದಾಟಿ ದರಪಟ್ಟಿ ಬದಲಾಗಿದ್ದರೆ ಅಂದಾಜನ್ನೇ ಹೊಸದಾಗಿ ಮಾಡಬೇಕಾಗುತ್ತಿತ್ತು. ಅದೊಂದು ತಪ್ಪಿತು.

ಇದರಿಂದಾಗಿಯೇ ನನ್ನ ಅಭಿಪ್ರಾಯ ಇಂದಿಗೂ ಗಟ್ಟಿಯಾಗಿದೆ: ಈ ಪತ್ರ ಟೆಂಡರಿನ ನಂತರ ಬರೆಯುವ ಪತ್ರವಲ್ಲ. ರಸ್ತೆಯ ಅಂದಾಜು ಸಿದ್ಧಪಡಿಸುವಾಗಲೇ ರಸ್ತೆಗುಂಟ ನಡೆದು ಕಂಬ, ಅಡ್ಡ ತಂತಿ, ಸ್ಟೇ ಎಣಿಸಿ, ಜಂಟಿ ಪರಿಶೀಲನೆ ಮಾಡಿಸಿ, ಅದರ ಹಣವನ್ನು ಅಂದಾಜಿನಲ್ಲಿ ಸೇರಿಸಬೇಕು. ಎರಡು ಕಿಲೋಮೀಟರ್ ರಸ್ತೆಗೆ ಅರ್ಧ ದಿನದ ಕೆಲಸ. ಗ್ರಾಮಸಭೆಯಲ್ಲಿ ರಸ್ತೆ ಬೇಕು ಎಂದು ಕೂಗುವ ನಾವು, ಅಂದಾಜಿನಲ್ಲಿ ಆ ಬಾಬತ್ತು ಇದೆಯೇ ಎಂದು ಒಂದು ಪ್ರಶ್ನೆ ಕೇಳಬಹುದು. ಕಂಬದ ಬದಲು ಉಕ್ಕಿನ ಜಾಲರಿ ಗೋಪುರ ಕಂಡರೆ ಪ್ರಶ್ನೆ ಇನ್ನೂ ಮುಂಚೆ ಏಳಬೇಕು. ಅವು ಸಾಮಾನ್ಯವಾಗಿ ವಿದ್ಯುತ್ ಪ್ರಸರಣ ನಿಗಮದವು, ಜೆಸ್ಕಾಂ ಕಚೇರಿಗೆ ಬರೆದ ಪತ್ರ ಅಲ್ಲಿ ನಡೆಯದು, ಕಾಲವೂ ಹಣವೂ ಹಲವು ಪಟ್ಟು ಬೇಕು.

ನಮ್ಮ ತಂತಿ ಬದಲಾದದ್ದು ಮೇ ಕೊನೆಯ ವಾರದಲ್ಲಿ, ಒಂದು ಅಡ್ಡಮಳೆ ಬಿದ್ದ ಮೇಲೆ. ಎರೆ ನೆಲದ ಗುಂಡಿಯಲ್ಲಿ ನಿಂತ ನೀರನ್ನು ಬಕೆಟ್ಟಿನಲ್ಲಿ ಎತ್ತಿ ಹಾಕಿ ಕಂಬ ನಿಲ್ಲಿಸಿದರು. ಮೋರಿಯ ಬಳಿಯ ತುಂಡು ರಸ್ತೆ ಆ ಮಳೆಗಾಲವೆಲ್ಲ ಕೆಸರಾಗಿಯೇ ಉಳಿದು, ದಸರೆ ಕಳೆದ ಮೇಲೆ ಡಾಂಬರು ಕಂಡಿತು. ಹೊಸ ತಂತಿಯ ಎತ್ತರವನ್ನು ಮುಂದಿನ ವರ್ಷ ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಛತ್ರಿ ಹಿಡಿದು ಹೋಗಿ ಅದೇ ಮೂಲೆಮಟ್ಟದಲ್ಲಿ ನೋಡಿದೆ. ಆರೂಮುಕ್ಕಾಲು ಮೀಟರಿನ ಹತ್ತಿರ ಬಂತು. ನನ್ನ ಮೂಲೆಮಟ್ಟ ಹೆಚ್ಚು ಹೇಳುವ ಹತ್ತು ಸೆಂಟಿಮೀಟರ್ ಕಳೆದರೂ ಸಾಕಷ್ಟಿದೆ.

ಒಂದು ಮಾತು ಮಾತ್ರ ಎರಡು ಪತ್ರಗಳಲ್ಲಿಯೂ ಬರೆದಿರಲಿಲ್ಲ. ಹಳೆಯ ಕಂಬ ಕಿತ್ತ ಗುಂಡಿಯನ್ನು ಯಾರು ಮುಚ್ಚಬೇಕು, ಹೇಗೆ ಮುಚ್ಚಬೇಕು ಎಂಬುದು. ಒಂದೂವರೆ ಮೀಟರ್ ಆಳದ ಆ ಗುಂಡಿಗೆ ಕಿತ್ತ ಎರೆ ಮಣ್ಣನ್ನೇ ತುಂಬಿ ಮೇಲೆ ಡಾಂಬರು ಹಾಕಿದರು. ಒಂದೊಂದು ಗೇಣಿಗೆ ಗರಸು ಹಾಕಿ ನೀರು ಚಿಮುಕಿಸಿ ದಮ್ಮಸ್ಸು ಮಾಡಬೇಕಿತ್ತು. ಕಂಬ ನಿಂತಿದ್ದ ಜಾಗದಲ್ಲಿ ಈಗ ತಟ್ಟೆಯಷ್ಟು ಅಗಲದ ತಗ್ಗು ಬಿದ್ದಿದೆ. ಮಳೆ ಬಂದರೆ ಅದರಲ್ಲಿ ನೀರು ನಿಲ್ಲುತ್ತದೆ, ಸೈಕಲ್ಲಿನ ಹುಡುಗರು ಅದನ್ನು ಬಳಸಿಕೊಂಡು ಹೋಗುತ್ತಾರೆ. ಮೂರನೆಯ ಪತ್ರದ ಕರಡು ನನ್ನ ಮೇಜಿನ ಮೇಲಿದೆ, ಈ ಸಲ ತಗ್ಗಿನ ಆಳವನ್ನು ಅಳೆದು ಬರೆದಿದ್ದೇನೆ.